ಮುಖ ನೋಡಿ ಮಣೆ ಹಾಕದ ಪಾಳಿ ಪಟ್ಟಿ

ಅಪ್ಪನೋ ಅಮ್ಮನೋ ಪಾಳಿಯಲ್ಲಿ ದುಡಿಯುವ ಮನೆಗಳಲ್ಲಿ ಮಕ್ಕಳ ದಿನಚರಿಯನ್ನು ನಿರ್ಧರಿಸುವುದು ಶಾಲೆಯ ವೇಳಾಪಟ್ಟಿ ಮಾತ್ರವಲ್ಲ. ಕಾರ್ಖಾನೆಯ, ಆಸ್ಪತ್ರೆಯ ಅಥವಾ ಬಸ್ ಡಿಪೋದ ನೋಟಿಸ್ ಬೋರ್ಡಿನಲ್ಲಿ ಅಂಟಿಸುವ ಪಾಳಿ ಪಟ್ಟಿಯೂ ಅಷ್ಟೇ ಮುಖ್ಯ. ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಹಗಲು ಮಲಗಿರುವಾಗ ಮನೆಯಲ್ಲಿ ಗಟ್ಟಿಯಾಗಿ ಓದುವಂತಿಲ್ಲ. ಮಧ್ಯಾಹ್ನದ ಪಾಳಿಗೆ ಹೋಗುವ ತಂದೆ ಮಕ್ಕಳ ಮುಖ ನೋಡುವುದು ಭಾನುವಾರ ಮಾತ್ರ, ಅದೂ ವಾರದ ರಜೆ ಭಾನುವಾರವೇ ಇದ್ದರೆ.

ಈ ಪಟ್ಟಿಯನ್ನು ಬರೆಯುವವರು ಯಾರು? ಬಹಳಷ್ಟು ಕಡೆ ಒಬ್ಬ ಮೇಲ್ವಿಚಾರಕರು, ಒಂದು ಪೆನ್ನು, ಒಂದು ಹಾಳೆ. ಅವರು ನ್ಯಾಯವಾಗಿಯೇ ಬರೆದಿರಬಹುದು. ಆದರೂ ಪಟ್ಟಿ ಹೊರಬಿದ್ದ ದಿನ ಕ್ಯಾಂಟೀನಿನಲ್ಲಿ ಏಳುವ ಮಾತು ಒಂದೇ: ‘ಅವರು ಸಾಹೇಬರಿಗೆ ಬೇಕಾದವರು, ಅದಕ್ಕೇ ಭಾನುವಾರ ರಜೆ ಸಿಕ್ಕಿದೆ.’ ಮುಖ ನೋಡಿ ಮಣೆ ಹಾಕಿದ್ದಾರೆಂಬ ಈ ಅನುಮಾನವನ್ನು ಸುಳ್ಳೆಂದು ತೋರಿಸಲು ಮೇಲ್ವಿಚಾರಕರ ಬಳಿ ಪುರಾವೆಯಿಲ್ಲ. ನಿಜವೆಂದು ತೋರಿಸಲು ನೌಕರರ ಬಳಿಯೂ ಇಲ್ಲ.

ಇದಕ್ಕೊಂದು ಹಳೆಯ ಪರಿಹಾರವಿದೆ. ಅಮೆರಿಕದ ನಗರ ಬಸ್ಸುಗಳ ಚಾಲಕರು, ವಿಮಾನ ಸಂಚಾರ ನಿಯಂತ್ರಕರು, ವಿಮಾನ ಕಂಪನಿಗಳ ಸಿಬ್ಬಂದಿ ತಮ್ಮ ಪಾಳಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಆರಿಸುವ ಸರದಿ ಬರುವುದು ಸೇವಾ ಹಿರಿತನದ ಪ್ರಕಾರ. ಇದಕ್ಕೆ ಅಲ್ಲಿ ಶಿಫ್ಟ್ ಬಿಡ್ಡಿಂಗ್ ಎನ್ನುತ್ತಾರೆ. ಬಿಡ್ ಎಂದೊಡನೆ ಹರಾಜು ನೆನಪಾಗಬಹುದು. ಇಲ್ಲಿ ಹಣದ ಮಾತೇ ಇಲ್ಲ. ಸರದಿ ಬಂದಾಗ ‘ನನಗೆ ಇದು’ ಎಂದು ಹೇಳುವುದಷ್ಟೇ.

ಸಿಇಟಿ ಬರೆದವರಿಗೂ ಅವರ ಪೋಷಕರಿಗೂ ಈ ಕ್ರಮ ಹೊಸದಲ್ಲ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಆರಂಭವಾದ ಮೇಲೆ ವಿದ್ಯಾರ್ಥಿಗಳನ್ನು ರ‍್ಯಾಂಕಿನ ಕ್ರಮದಲ್ಲಿ ಕೌನ್ಸೆಲಿಂಗ್‌ಗೆ ಕರೆಯುತ್ತಿದ್ದರು. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಒಬ್ಬರು ಒಂದು ಸೀಟು ಆರಿಸಿದೊಡನೆ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತಿತ್ತು. ರ‍್ಯಾಂಕಿನ ಜಾಗದಲ್ಲಿ ಸೇವೆಯ ವರ್ಷಗಳನ್ನೂ ಸೀಟಿನ ಜಾಗದಲ್ಲಿ ಪಾಳಿಯನ್ನೂ ಇಟ್ಟರೆ ಅದೇ ಪಾಳಿ ಆಯ್ಕೆಯ ಸುತ್ತು.

ಮೊದಲು ಬೇಕಾದದ್ದು ಲೆಕ್ಕ

ಆಯ್ಕೆಗೆ ಮುನ್ನ ಆರಿಸಲು ಏನೇನಿದೆ ಎಂಬುದು ಖಚಿತವಾಗಬೇಕು. ಒಂದು ಆಸ್ಪತ್ರೆಯ ವಾರ್ಡನ್ನು ಉದಾಹರಣೆಯಾಗಿ ಇಟ್ಟುಕೊಳ್ಳಿ. ದಿನಕ್ಕೆ ಮೂರು ಪಾಳಿ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಿಗ್ಗೆ 6. ಪ್ರತಿ ಪಾಳಿಗೂ ಇಬ್ಬರು ನರ್ಸುಗಳು ಬೇಕು. ಹಾಗಾದರೆ ದಿನಕ್ಕೆ 6 ಡ್ಯೂಟಿ, ವಾರಕ್ಕೆ 42. ಒಬ್ಬರು ವಾರಕ್ಕೆ 6 ಡ್ಯೂಟಿ ಮಾಡಿ ಒಂದು ದಿನ ರಜೆ ಪಡೆಯುತ್ತಾರೆ. 42ನ್ನು 6ರಿಂದ ಭಾಗಿಸಿದರೆ 7. ಅಂದರೆ ಏಳು ಜನ ಬೇಕು. ಯಾರಾದರೂ ಕಾಯಿಲೆ ಬಿದ್ದರೆ ಅಥವಾ ದೀರ್ಘ ರಜೆ ಹಾಕಿದರೆ ಬರುವವರ ಲೆಕ್ಕ ಬೇರೆ.

ಆರು ಜನ ಒಂದೊಂದು ಪಾಳಿಗೆ ಇಬ್ಬಿಬ್ಬರಂತೆ ನಿಲ್ಲುತ್ತಾರೆ. ಅವರ ವಾರದ ರಜೆ ಬೇರೆ ಬೇರೆ ದಿನ. ಏಳನೆಯವರು ದಿನಕ್ಕೊಬ್ಬರಂತೆ ಆ ಆರು ಜನರ ರಜೆಯ ಜಾಗವನ್ನು ತುಂಬುವ ಬದಲಿ ನರ್ಸ್. ಹೀಗೆ ಬೋರ್ಡಿನ ಮೇಲೆ ಏಳು ಸಾಲುಗಳಾಗುತ್ತವೆ:

ಬೆಳಗಿನ ಪಾಳಿ, ಭಾನುವಾರ ರಜೆ.
ಬೆಳಗಿನ ಪಾಳಿ, ಸೋಮವಾರ ರಜೆ.
ಮಧ್ಯಾಹ್ನದ ಪಾಳಿ, ಮಂಗಳವಾರ ರಜೆ.
ಮಧ್ಯಾಹ್ನದ ಪಾಳಿ, ಬುಧವಾರ ರಜೆ.
ರಾತ್ರಿ ಪಾಳಿ, ಗುರುವಾರ ರಜೆ.
ರಾತ್ರಿ ಪಾಳಿ, ಶುಕ್ರವಾರ ರಜೆ.
ಬದಲಿ: ಭಾನುವಾರ, ಸೋಮವಾರ ಬೆಳಿಗ್ಗೆ, ಮಂಗಳವಾರ, ಬುಧವಾರ ಮಧ್ಯಾಹ್ನ, ಗುರುವಾರ, ಶುಕ್ರವಾರ ರಾತ್ರಿ, ಶನಿವಾರ ರಜೆ.

ಕೊನೆಯ ಸಾಲನ್ನು ‘ಬದಲಿ, ಶನಿವಾರ ರಜೆ’ ಎಂದಷ್ಟೇ ಬರೆದು ಮುಗಿಸುವ ಅಭ್ಯಾಸವುಂಟು. ಅದು ತಪ್ಪು. ಶುಕ್ರವಾರ ರಾತ್ರಿಯ ಕೆಲಸ ಮುಗಿಯುವುದು ಶನಿವಾರ ಬೆಳಿಗ್ಗೆ 6ಕ್ಕೆ. ಮತ್ತೆ ಭಾನುವಾರ ಬೆಳಿಗ್ಗೆ 6ಕ್ಕೆ ಹಾಜರಿರಬೇಕು. ಹೆಸರಿಗೆ ಶನಿವಾರ ರಜೆ, ಆದರೆ ಅದರಲ್ಲಿ ಅರ್ಧ ನಿದ್ರೆಗೇ ಹೋಗುತ್ತದೆ. ಗಂಟೆಗಳು ಬರೆದಿದ್ದರೆ ಆರಿಸುವವರಿಗೆ ಇದು ಮೊದಲೇ ಗೊತ್ತಾಗುತ್ತದೆ. ಆರಿಸಿದ ಮೇಲೆ ಗೊತ್ತಾದರೆ ಮತ್ತೆ ಜಗಳ.

ಇನ್ನೊಂದು ಎಚ್ಚರ: ಏಳಕ್ಕೆ ಏಳೂ ಸಾಲು ಬೋರ್ಡಿನ ಮೇಲಿರಬೇಕು. ‘ಇದೊಂದು ಆಮೇಲೆ ನೋಡೋಣ’ ಎಂದು ಒಳ್ಳೆಯ ಸಾಲೊಂದನ್ನು ಒಳಗಿಟ್ಟುಕೊಂಡರೆ ಉಳಿದ ಆರನ್ನು ಎಷ್ಟೇ ಬಹಿರಂಗವಾಗಿ ಹಂಚಿದರೂ ಪ್ರಯೋಜನವಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ಬೋರ್ಡಿನ ಮೇಲಿನ ಡ್ಯೂಟಿಗಳನ್ನು ಕೂಡಿದರೆ 42 ಬರಬೇಕು.

ಎರಡನೆಯದು ಹಿರಿತನದ ಪಟ್ಟಿ

ಯಾರು ಹಿರಿಯರು ಎಂಬ ಪ್ರಶ್ನೆ ಕೇಳಲು ಸರಳ, ಉತ್ತರಿಸಲು ಕಷ್ಟ. ಆಸ್ಪತ್ರೆಗೆ ಸೇರಿದ ದಿನವೇ, ಈ ವಾರ್ಡಿಗೆ ಬಂದ ದಿನವೇ? ನಡುವೆ ಎರಡು ವರ್ಷ ಕೆಲಸ ಬಿಟ್ಟು ಮತ್ತೆ ಸೇರಿದವರ ಹಳೆಯ ಸೇವೆ ಲೆಕ್ಕಕ್ಕೆ ಬರುತ್ತದೆಯೇ? ಒಂದೇ ದಿನ ಸೇರಿದ ಇಬ್ಬರಲ್ಲಿ ಮುಂದೆ ಯಾರು? ಕೊನೆಯ ಪ್ರಶ್ನೆಗೆ ಹುಟ್ಟಿದ ದಿನಾಂಕ ನೋಡಬಹುದು, ಚೀಟಿ ಎತ್ತಲೂಬಹುದು. ಯಾವುದಾದರೂ ಸರಿ, ಅದು ಸುತ್ತಿಗೆ ಮೊದಲೇ ನಿರ್ಧಾರವಾಗಿರಬೇಕು. ಪಟ್ಟಿಯನ್ನು ಒಂದು ವಾರವಾದರೂ ಮೊದಲು ಅಂಟಿಸಿ, ಆಕ್ಷೇಪಣೆ ಕೇಳಿ, ತಿದ್ದಿ, ಆಮೇಲೆ ಮುದ್ರೆ ಒತ್ತಬೇಕು. ಯಾರಿಗೆ ಯಾವ ಪಾಳಿ ಬೇಕೆಂಬುದು ಹೊರಬಿದ್ದ ಮೇಲೆ ಪಟ್ಟಿ ತಿದ್ದಲು ಹೊರಟರೆ, ಪ್ರತಿ ತಿದ್ದುಪಡಿಯೂ ಯಾರದೋ ಪಾಳಿಯನ್ನು ಕಿತ್ತುಕೊಂಡಂತೆ ಕಾಣುತ್ತದೆ.

ಯಾವ ಘಟಕದ ಹಿರಿತನ ಎಂಬುದು ಎಷ್ಟು ದೊಡ್ಡ ಮಾತು ಎನ್ನುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಒಂದು ಮೊಕದ್ದಮೆಯಿದೆ. ಲ್ಯಾರಿ ಹಾರ್ಡಿಸನ್ ಎಂಬಾತ 1967ರಲ್ಲಿ ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿಯ ಕಾನ್ಸಾಸ್ ಸಿಟಿ ದುರಸ್ತಿ ಕೇಂದ್ರದ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿದ. ಆ ಕೇಂದ್ರ ವರ್ಷದ 365 ದಿನವೂ ಹಗಲಿರುಳು ನಡೆಯುತ್ತಿತ್ತು. ಮರುವರ್ಷ ಆತ ಒಂದು ಕ್ರೈಸ್ತ ಪಂಥದತ್ತ ಒಲಿದ. ಆ ಪಂಥದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಕೆಲಸ ನಿಷಿದ್ಧ. ಆಗ ಆತನಿದ್ದ ಕಟ್ಟಡದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರ ಪಾಳಿಗೆ ಹೋದದ್ದರಿಂದ ತೊಂದರೆ ನೀಗಿತು. ಅಲ್ಲಿ ಆತನಿಗೆ ಸಾಕಷ್ಟು ಹಿರಿತನವೂ ಇತ್ತು.

ಆಮೇಲೆ ಹಗಲು ಕೆಲಸಕ್ಕಾಗಿ ಆತ ತಾನೇ ಕೋರಿಕೆ ಸಲ್ಲಿಸಿ ಇನ್ನೊಂದು ಕಟ್ಟಡಕ್ಕೆ ಹೋದ. ಎರಡೂ ಕಟ್ಟಡಗಳಿಗೆ ಬೇರೆ ಬೇರೆ ಹಿರಿತನದ ಪಟ್ಟಿ. ಹೊಸ ಕಟ್ಟಡದ ಪಟ್ಟಿಯಲ್ಲಿ ಆತ ಕೊನೆಯಿಂದ ಎರಡನೆಯವನಾದ. ಅಲ್ಲೊಬ್ಬರು ರಜೆ ಹೋದಾಗ ಶನಿವಾರ ಕೆಲಸ ಮಾಡುವ ಸರದಿ ಆತನಿಗೇ ಬಂತು. ಪಾಳಿ ಬದಲಿಸಬೇಕಾದರೆ ಹಿರಿತನದ ಒಪ್ಪಂದ ಮುರಿಯಬೇಕಿತ್ತು. ಅದಕ್ಕೆ ಕಾರ್ಮಿಕ ಸಂಘ ಒಪ್ಪಲಿಲ್ಲ. ಆತ ಶನಿವಾರ ಬರಲು ನಿರಾಕರಿಸಿದ, ಕೆಲಸ ಹೋಯಿತು. 1977ರಲ್ಲಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತು. ಒಬ್ಬನ ಧಾರ್ಮಿಕ ಅಗತ್ಯಕ್ಕಾಗಿ ಇತರ ನೌಕರರಿಗೆ ಒಪ್ಪಂದದಿಂದ ಬಂದ ಹಿರಿತನದ ಹಕ್ಕನ್ನು ಕಸಿಯಬೇಕಿಲ್ಲ ಎಂಬುದು ಅದರ ಸಾರ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇದಕ್ಕೆ ಒಪ್ಪದೆ ಭಿನ್ನಮತ ದಾಖಲಿಸಿದರು.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದದ್ದರಿಂದ ಆ ಗುಮಾಸ್ತ ಕಳೆದುಕೊಂಡದ್ದು ಸರದಿಯನ್ನು. ವರ್ಗಾವಣೆ ಕೇಳುವ ಮೊದಲು ‘ಹೊಸ ಜಾಗದ ಪಟ್ಟಿಯಲ್ಲಿ ನನ್ನ ಸಂಖ್ಯೆ ಎಷ್ಟು?’ ಎಂದು ಕೇಳಬೇಕಾದದ್ದು ಇದಕ್ಕೇ. ಪಟ್ಟಿ ಮಾಡುವವರೂ ಘಟಕ ಯಾವುದೆಂಬುದನ್ನು ಪಟ್ಟಿಯ ತಲೆಯಲ್ಲೇ ಬರೆಯಬೇಕು.

ಸುತ್ತು ನಡೆಯುವ ದಿನ

ಈಗ ವಾರ್ಡಿಗೆ ಮರಳಿದರೆ, ಏಳು ನರ್ಸುಗಳೂ ತಮ್ಮ ಸರದಿಯ ವೇಳೆಯನ್ನು ಮೊದಲೇ ತಿಳಿದಿದ್ದಾರೆ. ಒಬ್ಬೊಬ್ಬರಿಗೂ ಹತ್ತು ನಿಮಿಷ. ಬೋರ್ಡು ಎಲ್ಲರಿಗೂ ಕಾಣುವಲ್ಲಿದೆ.

ಮೊದಲನೆಯವರು ಬೆಳಗಿನ ಪಾಳಿ, ಭಾನುವಾರದ ರಜೆ ಆರಿಸುತ್ತಾರೆ. ಅದು ಎಲ್ಲರೂ ಊಹಿಸಿದ್ದೇ. ಎರಡನೆಯವರ ಆಯ್ಕೆ ಮಾತ್ರ ಎಲ್ಲರನ್ನೂ ಬೆರಗುಗೊಳಿಸುತ್ತದೆ: ರಾತ್ರಿ ಪಾಳಿ, ಶುಕ್ರವಾರ ರಜೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಹಗಲು ನೋಡಿಕೊಳ್ಳುವವರು ಅವರೊಬ್ಬರೇ. ರಾತ್ರಿಯಾದರೆ ಗಂಡ ಇರುತ್ತಾರೆ. ಮೇಲ್ವಿಚಾರಕರು ಪಟ್ಟಿ ಬರೆದಿದ್ದರೆ ‘ಹಿರಿಯರು, ಪಾಪ’ ಎಂದು ಅವರಿಗೆ ಬೆಳಗಿನ ಪಾಳಿಯನ್ನೇ ಕೊಡುತ್ತಿದ್ದರು, ಅದು ಉಪಕಾರವೆಂದೇ ತಿಳಿಯುತ್ತಿದ್ದರು. ಅವರು ಬಿಟ್ಟ ಬೆಳಗಿನ ಪಾಳಿ, ಸೋಮವಾರದ ರಜೆ ಮೂರನೆಯವರಿಗೆ ಸಿಗುತ್ತದೆ. ಬೆಳಿಗ್ಗೆ ತರಗತಿಗೆ ಹೋಗಿ ಮುಂದಿನ ಪದವಿಗೆ ಓದುತ್ತಿರುವ ನಾಲ್ಕನೆಯವರು ಮಧ್ಯಾಹ್ನದ ಪಾಳಿ, ಮಂಗಳವಾರದ ರಜೆ ತೆಗೆದುಕೊಳ್ಳುತ್ತಾರೆ. ಐದನೆಯವರು ಮಧ್ಯಾಹ್ನ, ಬುಧವಾರ. ಆರನೆಯವರು ಬದಲಿ ಸಾಲಿನ ಗಂಟೆಗಳನ್ನು ಓದಿ ತಲೆಯಲ್ಲಾಡಿಸಿ ರಾತ್ರಿ, ಗುರುವಾರ ಎನ್ನುತ್ತಾರೆ. ಉಳಿದ ಬದಲಿ ಸಾಲು ಏಳನೆಯವರಿಗೆ.

ಬರಲಾಗದವರು ಏನು ಮಾಡಬೇಕು? ಏಳೂ ಸಾಲುಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಬರೆದು ಸಹಿ ಹಾಕಿ ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ಹೋಗಬೇಕು. ಸರದಿ ಬಂದಾಗ ಎಲ್ಲರೆದುರು ಲಕೋಟೆ ಒಡೆದು, ಉಳಿದಿರುವ ಸಾಲುಗಳ ಪೈಕಿ ಅವರ ಕ್ರಮದಲ್ಲಿ ಮೇಲಿರುವುದನ್ನು ಅವರ ಹೆಸರಿಗೆ ಬರೆಯಲಾಗುತ್ತದೆ. ಸಿಇಟಿ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಆದ್ಯತೆಯ ಪಟ್ಟಿ ತುಂಬುವುದೂ ಇದೇ ತತ್ವದ ಮೇಲೆ. ಲಕೋಟೆಯನ್ನೂ ಕೊಡದೆ ತಡವಾಗಿ ಬಂದವರು ಬಂದ ಹೊತ್ತಿಗೆ ಏನು ಉಳಿದಿದೆಯೋ ಅದರಲ್ಲಿ ಆರಿಸಬೇಕು. ಆಗಿಹೋದ ಆಯ್ಕೆಯನ್ನು ಅವರಿಗಾಗಿ ಬಿಚ್ಚುವಂತಿಲ್ಲ. ಈ ನಿಯಮ ಕಠಿಣವೆನಿಸಬಹುದು. ಆದರೆ ಒಬ್ಬರಿಗಾಗಿ ಹಿಂದಕ್ಕೆ ಹೋದರೆ ಅವರ ನಂತರ ಆರಿಸಿದವರೆಲ್ಲರೂ ಮತ್ತೆ ಆರಿಸಬೇಕಾಗುತ್ತದೆ.

ಪ್ರತಿ ಆಯ್ಕೆಯ ಮುಂದೆ ವೇಳೆ ಮತ್ತು ಸಹಿ ಇರುತ್ತದೆ. ಆಮೇಲೆ ಯಾರಾದರೂ ‘ನನಗೇಕೆ ಬೆಳಗಿನ ಪಾಳಿ ಸಿಗಲಿಲ್ಲ?’ ಎಂದು ಕೇಳಿದರೆ ವಾದ ಬೇಕಿಲ್ಲ. ಆ ಸಾಲಿನ ಮುಂದಿರುವ ಹೆಸರು ಪಟ್ಟಿಯಲ್ಲಿ ಕೇಳಿದವರಿಗಿಂತ ಮೇಲಿದೆಯೇ ಎಂದು ನೋಡಿದರೆ ಸಾಕು. ಮೇಲಿದ್ದರೆ ಅದೇ ಉತ್ತರ. ಕೆಳಗಿದ್ದರೆ, ಕೇಳಿದವರು ಅದನ್ನು ತಾವಾಗಿಯೇ ಬಿಟ್ಟಿರಬೇಕು ಅಥವಾ ಎಲ್ಲೋ ಮೋಸ ನಡೆದಿರಬೇಕು. ದಾಖಲೆ ಯಾವುದೆಂದು ಹೇಳುತ್ತದೆ.

ಸುಳ್ಳು ಹೇಳಿ ಲಾಭವಿಲ್ಲ

ಈ ಕ್ರಮದ ನಿಜವಾದ ಬಲ ಇನ್ನೊಂದು ಕಡೆಯಿದೆ. ಕೆಲವು ಕಚೇರಿಗಳಲ್ಲಿ ‘ನಿಮಗೆ ಬೇಕಾದ ಮೂರು ಪಾಳಿ ಬರೆದುಕೊಡಿ, ಹೊಂದಿಸುತ್ತೇವೆ’ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೊಂದಿಸುವುದು ಹೇಗೆಂದು ಹೇಳುವುದಿಲ್ಲ. ಆಗ ನೌಕರರು ಲೆಕ್ಕಾಚಾರಕ್ಕಿಳಿಯುತ್ತಾರೆ: ‘ಭಾನುವಾರ ಕೇಳಿದರೆ ಸಿಗಲಾರದು, ಅದನ್ನು ಬರೆದು ಮೊದಲ ಆಯ್ಕೆಯನ್ನೇಕೆ ಹಾಳುಮಾಡಿಕೊಳ್ಳಲಿ? ಸಿಗುವಂಥದ್ದನ್ನೇ ಮೊದಲು ಬರೆಯೋಣ.’ ಹೀಗೆ ಊಹೆ ಮಾಡಿ ಬರೆದವರಿಗೆ, ಭಾನುವಾರದ ರಜೆಯನ್ನು ಯಾರೂ ಕೇಳಿರಲಿಲ್ಲ ಎಂದು ಆಮೇಲೆ ಗೊತ್ತಾಗುವುದುಂಟು.

ಸರದಿಯ ಆಯ್ಕೆಯಲ್ಲಿ ಈ ಪೇಚಾಟವಿಲ್ಲ. ಸರದಿ ಬಂದಾಗ ಉಳಿದವುಗಳಲ್ಲಿ ತಮಗೆ ನಿಜಕ್ಕೂ ಬೇಕಾದುದನ್ನು ಹೇಳುವುದೇ ಎಲ್ಲರಿಗೂ ಉತ್ತಮ. ಬೇರೆ ಹೇಳಿದರೆ ನಷ್ಟ ಹೇಳಿದವರಿಗೇ. ಲಕೋಟೆಯಲ್ಲಿ ಬರೆದಿಡುವವರಿಗೂ ಇದೇ ಮಾತು. ಆದರೆ ಅದಕ್ಕೊಂದು ಷರತ್ತಿದೆ: ಏಳೂ ಸಾಲುಗಳನ್ನು ಕ್ರಮವಾಗಿ ಬರೆಯಬೇಕು. ಮೂರೇ ಬರೆದು, ಆ ಮೂರೂ ಹೋಗಿದ್ದರೆ ನಾಲ್ಕನೆಯದನ್ನು ಬೇರೆ ಯಾರೋ ನಿರ್ಧರಿಸುತ್ತಾರೆ. ಸಿಇಟಿಯಲ್ಲಿ ಆದ್ಯತೆಗಳನ್ನು ಕಡಿಮೆ ತುಂಬಿ ಪರದಾಡಿದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಡವುವುದು ಎಲ್ಲಿ?

ಮೇಲಿನ ಸುತ್ತು ಚೆನ್ನಾಗಿ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹೆಡ್ ನರ್ಸ್ ಪಟ್ಟಿಯನ್ನು ಇನ್ನೊಮ್ಮೆ ನೋಡುತ್ತಾರೆ. ಶುಕ್ರವಾರ ರಾತ್ರಿ ಎರಡನೆಯವರಿಗೆ ರಜೆ. ಅಂದು ವಾರ್ಡಿನಲ್ಲಿರುವವರು ಆರನೆಯವರು ಮತ್ತು ಬದಲಿಗೆ ಬರುವ ಏಳನೆಯವರು. ಇಬ್ಬರೂ ಹೊಸಬರು. ತುರ್ತು ಪರಿಸ್ಥಿತಿ ಬಂದರೆ ನಿಭಾಯಿಸಿದ ಅನುಭವ ಇಬ್ಬರಿಗೂ ಇಲ್ಲ. ಇದು ರೋಗಿಯ ಜೀವದ ಪ್ರಶ್ನೆ, ಹಾಗೆಯೇ ಬಿಡುವಂತಿಲ್ಲ.

ಈಗ ಹೆಡ್ ನರ್ಸ್ ಪೆನ್ನು ತೆಗೆದು ಐದನೆಯವರನ್ನು ಬದಲಿ ಸಾಲಿಗೆ ಹಾಕಿದರೆ ವಾರ್ಡು ಸುರಕ್ಷಿತವಾಗುತ್ತದೆ, ಆದರೆ ಸುತ್ತು ಸತ್ತುಹೋಗುತ್ತದೆ. ಸಹಿ ಹಾಕಿಸಿಕೊಂಡ ಆಯ್ಕೆಯನ್ನು ಒಮ್ಮೆ ಅಳಿಸಿದ ಮೇಲೆ ಮುಂದಿನ ಸಲ ಯಾರೂ ಬೋರ್ಡನ್ನು ನಂಬುವುದಿಲ್ಲ. ಸರಿಯಾದ ದಾರಿಯೆಂದರೆ ಷರತ್ತನ್ನು ಮೊದಲೇ ಬೋರ್ಡಿನ ಮೇಲೆ ಬರೆಯುವುದು: ಬದಲಿ ಸಾಲು ಐದು ವರ್ಷ ಸೇವೆ ಪೂರೈಸಿದವರಿಗೆ ಮಾತ್ರ, ಯಾವ ಪಾಳಿಯಲ್ಲೂ ಇಬ್ಬರು ಹೊಸಬರು ಒಟ್ಟಿಗೆ ಇರುವಂತಿಲ್ಲ.

ಈ ಷರತ್ತಿನೊಂದಿಗೆ ಸುತ್ತನ್ನು ಮತ್ತೆ ನಡೆಸಿದರೆ ಮೊದಲ ನಾಲ್ವರ ಆಯ್ಕೆ ಬದಲಾಗುವುದಿಲ್ಲ. ಐದನೆಯವರ ಸರದಿಗೆ ಉಳಿಯುವುದು ಮೂರು ಸಾಲು. ಅನುಭವವುಳ್ಳವರಲ್ಲಿ ಕೊನೆಯವರು ಅವರೇ ಆದ್ದರಿಂದ ಬದಲಿ ಸಾಲು ಅವರ ಪಾಲಿಗೇ ಬರುತ್ತದೆ. ಮಧ್ಯಾಹ್ನ, ಬುಧವಾರದ ರಜೆ ಆರನೆಯವರಿಗೆ, ರಾತ್ರಿ, ಗುರುವಾರದ ರಜೆ ಏಳನೆಯವರಿಗೆ. ಈಗ ವಾರದ ಯಾವ ದಿನ, ಯಾವ ಪಾಳಿ ನೋಡಿದರೂ ಇಬ್ಬರಲ್ಲಿ ಒಬ್ಬರು ಅನುಭವಿ. ಆದರೆ ಇದರ ಬೆಲೆ ತೆತ್ತವರು ಐದನೆಯವರು: ತಮಗಿಂತ ಕಿರಿಯರಿಗಿಂತ ಕೆಟ್ಟ ಸಾಲು ಅವರದಾಯಿತು. ಷರತ್ತು ಮೊದಲೇ ಗೊತ್ತಿದ್ದರೆ ಅವರು ಸುತ್ತಿಗೆ ಮುನ್ನವೇ ಆ ಸಾಲಿಗೆ ಹೆಚ್ಚಿನ ಭತ್ಯೆ ಕೇಳಬಹುದು, ಅಥವಾ ಶನಿವಾರದ ನಂತರದ ಡ್ಯೂಟಿ ತಡವಾಗಿ ಆರಂಭವಾಗಲಿ ಎನ್ನಬಹುದು. ಅಳಿಸಿದ ಮೇಲೆ ಗೊತ್ತಾದರೆ ಅವರಿಗೆ ಉಳಿಯುವುದು ಸಿಟ್ಟು ಮಾತ್ರ.

ನಡುವೆ ಯಾರಾದರೂ ನಿವೃತ್ತರಾದರೆ ಅಥವಾ ಬಿಟ್ಟುಹೋದರೆ ಏನು ಮಾಡಬೇಕೆಂಬುದಕ್ಕೂ ಒಂದು ಸಾಲಿನ ನಿಯಮ ಬೇಕು. ಖಾಲಿಯಾದ ಸಾಲನ್ನು ಪಟ್ಟಿಯ ಕ್ರಮದಲ್ಲಿ ಒಮ್ಮೆ ಕೇಳಬಹುದು. ಅದನ್ನು ತೆಗೆದುಕೊಂಡವರ ಹಳೆಯ ಸಾಲು ಮುಂದಿನ ಸುತ್ತಿನವರೆಗೆ ಹೊಸಬರಿಗೆ. ಹೀಗೆ ಮಿತಿ ಹಾಕದಿದ್ದರೆ ಒಬ್ಬರು ಹೋದದ್ದಕ್ಕೆ ಇಡೀ ವಾರ್ಡು ಮತ್ತೆ ಮತ್ತೆ ಜಾಗ ಬದಲಿಸಬೇಕಾಗುತ್ತದೆ.

ಕೊನೆಯ ಸಂಖ್ಯೆಯವರ ಕಥೆ

ಈ ಪದ್ಧತಿಯಿಂದ ಬಗೆಹರಿಯದ ಒಂದು ಕೊರತೆಯಿದೆ. ಮೂರು ತಿಂಗಳಿಗೊಮ್ಮೆ ಸುತ್ತು ನಡೆಸಿದರೂ ಪಟ್ಟಿ ಅದೇ. ಹೊಸಬರು ಬರುವ ತನಕ ಏಳನೆಯವರು ಏಳನೆಯವರೇ. ಸಿಇಟಿ ರ‍್ಯಾಂಕನ್ನು ಮತ್ತೆ ಪರೀಕ್ಷೆ ಬರೆದು ಸುಧಾರಿಸಬಹುದು. ಸೇರಿದ ದಿನಾಂಕವನ್ನು ಯಾವ ಪರಿಶ್ರಮದಿಂದಲೂ ಹಿಂದಕ್ಕೆ ತಳ್ಳಲಾಗದು. ಚಿಕ್ಕ ಮಕ್ಕಳಿರುವ ವಯಸ್ಸಿನವರೇ ಸಾಮಾನ್ಯವಾಗಿ ಪಟ್ಟಿಯ ತಳದಲ್ಲಿರುತ್ತಾರೆ ಎಂಬುದು ಇನ್ನೊಂದು ವಿಪರ್ಯಾಸ. ಅಮೆರಿಕದಲ್ಲಿ ಒಂದು ವಿಮಾನ ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಸೇರುವ ಪೈಲಟ್ ಎಷ್ಟೇ ಅನುಭವಿಯಾದರೂ ಹೊಸ ಪಟ್ಟಿಯ ತಳದಿಂದಲೇ ಆರಂಭಿಸಬೇಕು.

ಕೆಲವರು ಇದನ್ನು ಸ್ವಲ್ಪ ಸಡಿಲಿಸುತ್ತಾರೆ. ಪಾಳಿಯನ್ನು ಹಿರಿತನದ ಕ್ರಮದಲ್ಲಿ ಆರಿಸಿ, ಹಬ್ಬದ ರಜೆಗಳನ್ನು ಕೆಳಗಿನಿಂದ ಮೇಲಕ್ಕೆ ಆರಿಸುವುದು ಒಂದು ಉಪಾಯ. ಸತತ ಎರಡು ಸುತ್ತು ರಾತ್ರಿ ಪಾಳಿಗೇ ಬಿದ್ದವರಿಗೆ ಮೂರನೆಯ ಸುತ್ತಿನಲ್ಲಿ ಒಂದು ಹಗಲಿನ ಸಾಲು ಮೀಸಲಿಡುವುದು ಇನ್ನೊಂದು. ಎರಡರಲ್ಲೂ ಹಿರಿಯರು ಏನನ್ನೋ ಬಿಟ್ಟುಕೊಡುತ್ತಾರೆ. ಆದ್ದರಿಂದ ಅವರನ್ನು ಕೇಳಿ, ಒಪ್ಪಿಸಿ, ಬೋರ್ಡಿನ ಮೇಲೆ ಬರೆದ ನಂತರವೇ ಸುತ್ತು ಆರಂಭವಾಗಬೇಕು.

ಅಷ್ಟಾದರೂ ಏಳನೆಯವರಿಗೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿರುತ್ತದೆ. ತಮ್ಮ ಮೇಲೆ ಆರು ಹೆಸರುಗಳಿವೆ. ಕಳೆದ ಮೂರು ಸುತ್ತುಗಳಲ್ಲಿ ಯಾರು ಏನನ್ನು ಆರಿಸಿದರೆಂಬುದು ದಾಖಲೆಯಲ್ಲಿದೆ. ಮುಂದಿನ ವರ್ಷ ಒಬ್ಬರು ನಿವೃತ್ತರಾಗುತ್ತಾರೆ. ಮಗುವನ್ನು ಯಾವ ಹೊತ್ತಿನ ಶಾಲೆಗೆ ಸೇರಿಸಬೇಕು, ಊರಿಂದ ಅಜ್ಜಿಯನ್ನು ಯಾವಾಗ ಕರೆಸಿಕೊಳ್ಳಬೇಕು ಎಂಬುದನ್ನು ಆ ಮನೆಯವರು ಕುಳಿತು ಲೆಕ್ಕ ಹಾಕಬಹುದು. ಸಾಹೇಬರ ಮನಸ್ಸಿನಲ್ಲೇನಿದೆ ಎಂದು ಊಹಿಸಬೇಕಾಗಿಲ್ಲ.